ಅಕ್ಕಪಕ್ಕದ ಮನೆ ನೋಡಿ ನಮ್ಮ ಮನೆಯ ಬಾಡಿಗೆ ಲೆಕ್ಕ ಹಾಕುವುದು ಹೇಗೆ?

ಮನೆ ಖಾಲಿಯಾಗಿದೆ, ಬಾಡಿಗೆ ಎಷ್ಟು ಹೇಳೋದು? ಇಲ್ಲವೇ ನೀವು ಬಾಡಿಗೆಗೆ ಹೋಗುವವರು, ಮಾಲೀಕರು ಹೇಳಿದ ಮೊತ್ತ ಜಾಸ್ತಿಯೋ ಸರಿಯೋ ಗೊತ್ತಾಗುತ್ತಿಲ್ಲ. ಎರಡೂ ಕಡೆಯವರು ಸಾಮಾನ್ಯವಾಗಿ ಮಾಡುವ ಕೆಲಸ ಒಂದೇ. ಫೋನ್ ತೆಗೆದು ಅದೇ ಏರಿಯಾದ ನಾಲ್ಕೈದು ಜಾಹೀರಾತು ನೋಡುತ್ತಾರೆ, ಮನಸ್ಸಲ್ಲೇ ಒಂದು ಸರಾಸರಿ ಹಾಕುತ್ತಾರೆ, ಅದಕ್ಕೇ ಅಂಟಿಕೊಳ್ಳುತ್ತಾರೆ. ಮಾಲೀಕರ ಕಣ್ಣು ಅತಿ ದುಬಾರಿ ಜಾಹೀರಾತಿನ ಮೇಲೆ, ಬಾಡಿಗೆದಾರರ ಕಣ್ಣು ಅತಿ ಅಗ್ಗದ್ದರ ಮೇಲೆ. ಆಮೇಲೆ ಚೌಕಾಸಿ.

ನೋಡುವ ದಿಕ್ಕು ಸರಿಯಾಗಿಯೇ ಇದೆ. ಬಾಡಿಗೆ ಎಷ್ಟಿರಬೇಕು ಅನ್ನುವುದನ್ನು ಅಕ್ಕಪಕ್ಕದ ಮನೆಗಳೇ ಹೇಳಬೇಕು. ಆದರೆ ಆ ಮನೆಗಳು ನಿಮ್ಮ ಮನೆಯಂತೆಯೇ ಇರುವುದಿಲ್ಲ. ಒಂದಕ್ಕೆ ಲಿಫ್ಟ್ ಇದೆ, ಇನ್ನೊಂದಕ್ಕೆ ಪಾರ್ಕಿಂಗ್ ಇಲ್ಲ, ಮತ್ತೊಂದು ದೊಡ್ಡದು. ಈ ವ್ಯತ್ಯಾಸಗಳನ್ನು ಒಂದೊಂದಾಗಿ ಹಣದ ಲೆಕ್ಕಕ್ಕೆ ತಂದರೆ ಮಾತ್ರ ಹೋಲಿಕೆಗೆ ಅರ್ಥ ಬರುತ್ತದೆ. ಮನೆ, ಜಾಗಗಳ ಬೆಲೆ ಕಟ್ಟುವವರು ಮಾಡುವುದೂ ಇದನ್ನೇ. ಕಾಗದ, ಪೆನ್ನು ಇದ್ದರೆ ನಾವೂ ಮಾಡಬಹುದು.

ಮುಂದಿನ ಲೆಕ್ಕದಲ್ಲಿ ಯಾವ ದೇಶದ ಹಣವನ್ನೂ ಹೆಸರಿಸಿಲ್ಲ. ಎರಡು ಬೆಡ್‌ರೂಮಿನ ಒಂದು ಸಾಧಾರಣ ಮನೆಯ ಬಾಡಿಗೆ ಸುಮಾರು 1,000 ಅಂತ ಇಟ್ಟುಕೊಂಡಿದ್ದೇನೆ. ನಿಮ್ಮ ಊರಿನ ಅಂಕಿ ಹಾಕಿಕೊಂಡರೂ ಲೆಕ್ಕದ ರೀತಿ ಬದಲಾಗುವುದಿಲ್ಲ.

## ಜಾಹೀರಾತಿನಲ್ಲಿರುವುದು ಕೇಳಿದ ಬಾಡಿಗೆ, ಕೊಟ್ಟ ಬಾಡಿಗೆಯಲ್ಲ

ಮೊದಲು ಎರಡು ಮಾತು ಬೇರೆ ಮಾಡಿಕೊಳ್ಳೋಣ. ಮಾಲೀಕರು ಬೋರ್ಡಿನಲ್ಲಿ ಬರೆಯುವುದು ಕೇಳಿದ ಬಾಡಿಗೆ. ಬಾಡಿಗೆದಾರರು ಒಪ್ಪಿ ಸಹಿ ಹಾಕಿದ್ದು ಕುದುರಿದ ಬಾಡಿಗೆ. ನಮಗೆ ಬೇಕಾದದ್ದು ಎರಡನೆಯದು. ಕಣ್ಣಿಗೆ ಬೀಳುವುದು ಮಾತ್ರ ಯಾವಾಗಲೂ ಮೊದಲನೆಯದು.

ಇಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಸರಿಯಾದ ಬಾಡಿಗೆ ಹೇಳಿದ ಮನೆ ಬೇಗ ಹೋಗಿಬಿಡುತ್ತದೆ, ಅದರ ಜಾಹೀರಾತೂ ಮಾಯವಾಗುತ್ತದೆ. ಹೆಚ್ಚು ಹೇಳಿದ ಮನೆ ವಾರಗಟ್ಟಲೆ ಅಲ್ಲೇ ಕೂತಿರುತ್ತದೆ. ಹಾಗಾಗಿ ಯಾವತ್ತು ಹುಡುಕಿದರೂ ನಿಮಗೆ ಕಾಣುವುದರಲ್ಲಿ ದುಬಾರಿ ಮನೆಗಳ ಪಾಲೇ ಜಾಸ್ತಿ. ಸಂತೆ ಮುಗಿಯುವ ಹೊತ್ತಿಗೆ ಹೋಗಿ, ಉಳಿದ ತರಕಾರಿ ನೋಡಿ ಆ ದಿನದ ಧಾರಣೆ ಹೇಳಿದ ಹಾಗೆ.

ಇದಕ್ಕೆ ಪರಿಹಾರ ಸುಲಭ, ಸ್ವಲ್ಪ ತಾಳ್ಮೆ ಬೇಕು ಅಷ್ಟೇ. ಎರಡು ಮೂರು ವಾರ ಅದೇ ಜಾಹೀರಾತುಗಳನ್ನು ನೋಡುತ್ತಾ, ಯಾವುದು ಯಾವತ್ತು ಬಂತು, ಯಾವತ್ತು ಹೋಯಿತು, ನಡುವೆ ಬಾಡಿಗೆ ಇಳಿಸಿದರಾ ಅಂತ ಬರೆದಿಟ್ಟುಕೊಳ್ಳಿ. ಹತ್ತು ದಿನದಲ್ಲಿ ಹೋದ ಮನೆಯ ಅಂಕಿ ನಂಬುವಂಥದ್ದು. ಎರಡು ತಿಂಗಳಿಂದ ಇರುವ ಅಂಕಿ ಮಾಲೀಕರ ಆಸೆ ಮಾತ್ರ. ಆ ಮನೆಗೆ ಅಷ್ಟು ಕೊಡುವವರು ಯಾರೂ ಇಲ್ಲ ಅಂತ ಅದೇ ಹೇಳುತ್ತಿದೆ. ಸಾಧ್ಯವಾದರೆ ಈಚೆಗೆ ಬಂದು ಸೇರಿದ ಬಾಡಿಗೆದಾರರನ್ನೇ ಕೇಳಿ. ಐದು ವರ್ಷದಿಂದ ಇರುವವರನ್ನು ಕೇಳಿದರೆ ಹಳೆಯ ಬಾಡಿಗೆ ಸಿಗುತ್ತದೆ, ಅದು ಇವತ್ತಿನ ಹೋಲಿಕೆಗೆ ಬರುವುದಿಲ್ಲ.

"ಮೊದಲ ತಿಂಗಳು ಉಚಿತ" ಅನ್ನುವ ಜಾಹೀರಾತನ್ನೂ ಬಿಡಿಸಿ ನೋಡಬೇಕು. ಬಾಡಿಗೆ 1,000, ಕರಾರು 12 ತಿಂಗಳು, ಒಂದು ತಿಂಗಳು ಬಿಟ್ಟಿ ಅಂದರೆ ವರ್ಷಕ್ಕೆ ಕೊಡುವುದು 11,000. ತಿಂಗಳಿಗೆ ಹಂಚಿದರೆ ಸುಮಾರು 917. ನಮ್ಮ ಲೆಕ್ಕಕ್ಕೆ ಆ ಮನೆ 917ರದ್ದು, 1,000ದ್ದಲ್ಲ.

## ಯಾವ ಮನೆಯನ್ನು ಹೋಲಿಕೆಗೆ ತೆಗೆದುಕೊಳ್ಳಬೇಕು

"ಹತ್ತಿರ" ಅಂದರೆ ಇಷ್ಟು ಮೀಟರ್ ಅಂತ ಗೆರೆ ಎಳೆಯಲು ಆಗುವುದಿಲ್ಲ. ನಿಮ್ಮ ಮನೆ ನೋಡಲು ಬಂದವರು ಅದೇ ಸಂಜೆ ಆ ಇನ್ನೊಂದು ಮನೆಯನ್ನೂ ನೋಡಿಕೊಂಡು ಹೋಗುತ್ತಾರಾ? ಹೌದಾದರೆ ಅದು ಹೋಲಿಕೆಯ ಮನೆ. ದೊಡ್ಡ ರಸ್ತೆಯ ಆಚೆ 200 ಮೀಟರ್ ದೂರದಲ್ಲಿದ್ದರೂ ರಸ್ತೆ ದಾಟುವುದೇ ಕಷ್ಟ, ಶಾಲೆ, ಬಸ್‌ ನಿಲ್ದಾಣ ಎಲ್ಲ ಈಚೆ ಕಡೆ ಅಂದರೆ ಅದು ಬೇರೆ ಏರಿಯಾವೇ.

ಬೆಡ್‌ರೂಮಿನ ಸಂಖ್ಯೆ ಒಂದೇ ಇರಲಿ. ಎರಡು ಬೆಡ್‌ರೂಮ್ ಹುಡುಕುವವರು ಬೇರೆ, ಮೂರು ಹುಡುಕುವವರು ಬೇರೆ. ಕಟ್ಟಡದ ವಯಸ್ಸು, ತರ ಹತ್ತಿರ ಹತ್ತಿರ ಇರಲಿ. ಇಷ್ಟು ಸೋಸಿದ ಮೇಲೆ ಮೂರರಿಂದ ಐದು ಮನೆ ಉಳಿದರೆ ಸಾಕು. ಸರಿ ಹೊಂದದ ಹತ್ತು ಮನೆಗಿಂತ ಸರಿಯಾಗಿ ಹೊಂದುವ ಮೂರು ಮನೆ ಮೇಲು.

## ಕೂಡಬೇಕೋ, ಕಳೆಯಬೇಕೋ

ಎಷ್ಟೋ ಜನ ಎಡವುವುದು ಇಲ್ಲಿ. ತಿದ್ದಬೇಕಾದದ್ದು ಹೋಲಿಕೆಯ ಮನೆಯ ಬಾಡಿಗೆಯನ್ನು, ನಮ್ಮ ಮನೆಯದ್ದನ್ನಲ್ಲ. ನಮ್ಮ ಮನೆಯ ಬಾಡಿಗೆ ಎಷ್ಟೆಂದು ಇನ್ನೂ ಗೊತ್ತೇ ಇಲ್ಲವಲ್ಲ, ಅದನ್ನು ತಿದ್ದುವುದು ಹೇಗೆ?

ಪ್ರತಿ ಮನೆಗೂ ಕೇಳಿಕೊಳ್ಳುವ ಪ್ರಶ್ನೆ ಇದು: "ಈ ಮನೆ ಥೇಟ್ ನಮ್ಮ ಮನೆಯ ಹಾಗೇ ಇದ್ದಿದ್ದರೆ ಎಷ್ಟಕ್ಕೆ ಹೋಗುತ್ತಿತ್ತು?" ಅದರಲ್ಲಿ ನಮ್ಮಲ್ಲಿ ಇಲ್ಲದ ಸೌಕರ್ಯ ಇದ್ದರೆ, ಅದರ ಬೆಲೆ ಕಳೆಯಬೇಕು. ನಮ್ಮಲ್ಲಿರುವುದು ಅದರಲ್ಲಿ ಇಲ್ಲದಿದ್ದರೆ ಕೂಡಬೇಕು. ಅವರಿಗೆ ಲಿಫ್ಟ್ ಇದೆ, ನಮಗಿಲ್ಲ: ಕಳೆಯಿರಿ. ನಮಗೆ ಪಾರ್ಕಿಂಗ್ ಇದೆ, ಅವರಿಗಿಲ್ಲ: ಕೂಡಿ. ಉಲ್ಟಾ ಮಾಡಿದರೆ ತಪ್ಪು ಒಂದು ಪಟ್ಟಲ್ಲ, ಎರಡು ಪಟ್ಟಾಗುತ್ತದೆ. 50 ಕಳೆಯುವಲ್ಲಿ 50 ಕೂಡಿದರೆ ಉತ್ತರ 100 ಆಚೆ ಹೋಗಿ ನಿಲ್ಲುತ್ತದೆ.

## ಒಂದು ಪಾರ್ಕಿಂಗಿಗೆ ಎಷ್ಟು?

ಇಡೀ ಲೆಕ್ಕದಲ್ಲಿ ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ ಜಾಗ ಇದೇ. ಪಾರ್ಕಿಂಗಿಗೆ, ಲಿಫ್ಟಿಗೆ, ಕಪಾಟಿಗೆ ತಿಂಗಳಿಗೆ ಎಷ್ಟು ಹಾಕುವುದು? ಅಂದಾಜಿನಲ್ಲಿ ಒಂದು ಅಂಕಿ ಹಾಕಿದರೆ, ಬೇಕಾದ ಉತ್ತರ ಬರಿಸಿಕೊಳ್ಳಬಹುದು. ಅದಕ್ಕೆ ಅಂಕಿಯನ್ನು ಸುತ್ತಲಿನ ಮನೆಗಳಿಂದಲೇ ತೆಗೆಯಬೇಕು.

ದಾರಿ ಅಂದರೆ ಜೋಡಿ ಹುಡುಕುವುದು. ಎಲ್ಲದರಲ್ಲೂ ಒಂದೇ ತರ ಇದ್ದು, ಒಂದೇ ಒಂದು ವಿಷಯದಲ್ಲಿ ಬೇರೆಯಾದ ಎರಡು ಮನೆ. ಉದಾಹರಣೆಗೆ ಒಂದೇ ಕಟ್ಟಡ, ಒಂದೇ ಅಳತೆ, ಒಂದಕ್ಕೆ ಕಾರ್ ಪಾರ್ಕಿಂಗ್ ಇದೆ, ಇನ್ನೊಂದಕ್ಕೆ ಇಲ್ಲ. ಬಾಡಿಗೆ 1,060 ಮತ್ತು 1,000. ಹಾಗಾದರೆ ಪಾರ್ಕಿಂಗಿಗೆ 60. ಪಕ್ಕದ ಬೀದಿಯ ಇನ್ನೊಂದು ಜೋಡಿಯಲ್ಲಿ ವ್ಯತ್ಯಾಸ 50 ಬಂತು. ನಡುವಿನ 55 ಇಟ್ಟುಕೊಳ್ಳೋಣ. ಒಂದೇ ಜೋಡಿ ನಂಬಬೇಡಿ, ಯಾರೋ ಒಬ್ಬರ ಅವಸರ ಅದರಲ್ಲಿ ಸೇರಿರಬಹುದು. ಇನ್ನೊಂದು ಕಡೆಯಿಂದಲೂ ತಾಳೆ ನೋಡಬಹುದು: ಹತ್ತಿರದಲ್ಲಿ ತಿಂಗಳ ಬಾಡಿಗೆಗೆ ಪಾರ್ಕಿಂಗ್ ಜಾಗ 70ಕ್ಕೆ ಸಿಗುತ್ತದೆ ಅಂದರೆ, ಮನೆಯ ಪಾರ್ಕಿಂಗಿಗೆ ಅದಕ್ಕಿಂತ ಬಹಳ ಜಾಸ್ತಿ ಯಾರೂ ಕೊಡುವುದಿಲ್ಲ. ಬೀದಿಯಲ್ಲೇ ಪುಕ್ಕಟೆ ಜಾಗ ಧಾರಾಳವಾಗಿದ್ದರೆ ಪಾರ್ಕಿಂಗಿನ ಬೆಲೆ ಸೊನ್ನೆಗೆ ಹತ್ತಿರ. ಸೌಕರ್ಯಕ್ಕೆ ಸ್ವಂತ ಬೆಲೆ ಅಂತ ಇಲ್ಲ. ಆ ಜಾಗದಲ್ಲಿ ಮನೆ ಹುಡುಕುವವರು ಅದಕ್ಕೆ ಎಷ್ಟು ಕೊಡುತ್ತಾರೋ ಅಷ್ಟೇ.

ಪಾರ್ಕಿಂಗ್ ಅಂದಾಗ ಒಂದು ವಿಷಯ ನೆನಪಾಯಿತು. ನಾನೊಮ್ಮೆ ಬಾಡಿಗೆ ಮನೆ ನೋಡಲು ಹೋದಾಗ ಜಾಹೀರಾತಿನಲ್ಲಿ "ಕಾರ್ ಪಾರ್ಕಿಂಗ್ ಇದೆ" ಅಂತಿತ್ತು. ಹೋಗಿ ನೋಡಿದರೆ ಇತ್ತು ನಿಜ, ಆದರೆ ಡ್ರೈವರ್ ಬಾಗಿಲ ಪಕ್ಕಕ್ಕೇ ಒಂದು ಕಂಬ. ಕಂಬಕ್ಕೆ ಮೂರು ನಾಲ್ಕು ಬಣ್ಣದ ಕಾರುಗಳ ಗೀರು. ಹಿಂದಿದ್ದವರು ಕಾರನ್ನು ಹೊರಗೇ ನಿಲ್ಲಿಸುತ್ತಿದ್ದರಂತೆ. ಪಟ್ಟಿಯಲ್ಲಿ "ಇದೆ" ಅಂತ ಟಿಕ್ ಹಾಕುವ ಮೊದಲು ಅದು ಬಳಸಲು ಬರುತ್ತದಾ ಅಂತ ನೋಡುವುದು ಇದಕ್ಕೇ. ಫೋಟೋದಲ್ಲಿ ಕಂಬದ ಗೀರು ಕಾಣುವುದಿಲ್ಲ.

ಲಿಫ್ಟಿನ ಬೆಲೆ ತೆಗೆಯುವುದು ಇನ್ನೂ ನಾಜೂಕು. ಲಿಫ್ಟ್ ಇರುವ ಕಟ್ಟಡ ಸಾಮಾನ್ಯವಾಗಿ ಹೊಸದು, ಕಾವಲು ಇರುತ್ತದೆ, ಮೆಟ್ಟಿಲು ಅಗಲ. ಲಿಫ್ಟ್ ಇರುವ ಕಟ್ಟಡವನ್ನು ಇಲ್ಲದ ಕಟ್ಟಡಕ್ಕೆ ಹೋಲಿಸಿದರೆ ಇದೆಲ್ಲ ಸೇರಿದ ವ್ಯತ್ಯಾಸ ಬರುತ್ತದೆ. ಅದನ್ನು ಬರೀ ಲಿಫ್ಟಿಗೆ ಅಂತ ಬರೆದು, ಆಮೇಲೆ "ಹೊಸ ಕಟ್ಟಡ" ಅಂತ ಬೇರೆ ಕಳೆದರೆ ಒಂದೇ ವಿಷಯಕ್ಕೆ ಎರಡು ಸಲ ದಂಡ. ಅದರ ಬದಲು ಲಿಫ್ಟ್ ಇಲ್ಲದ ಒಂದೇ ಕಟ್ಟಡ ತೆಗೆದುಕೊಳ್ಳಿ. ಅಲ್ಲಿ ಮೊದಲ ಮಹಡಿ 980ಕ್ಕೆ, ಅದೇ ತರದ ಮೂರನೇ ಮಹಡಿ 930ಕ್ಕೆ ಹೋಗಿದೆ ಅಂದರೆ, ಮೂರನೇ ಮಹಡಿಗೆ ಹತ್ತಿ ಇಳಿಯುವ ಕಷ್ಟಕ್ಕೆ ಜನ ಇಟ್ಟ ಬೆಲೆ 50. ಮೂರನೇ ಮಹಡಿಯಲ್ಲಿ ಲಿಫ್ಟ್ ಉಳಿಸುವುದು ಹೆಚ್ಚೂಕಮ್ಮಿ ಅದನ್ನೇ.

ಇನ್ನು ಕಪಾಟು. ಮಾಲೀಕರೊಬ್ಬರು ಅಡುಗೆಮನೆಗೂ ಬೆಡ್‌ರೂಮಿಗೂ ಕಪಾಟು ಮಾಡಿಸಲು 4,000 ಖರ್ಚು ಮಾಡಿದ್ದಾರೆ. ವರ್ಷದಲ್ಲಿ ವಾಪಸ್ ಬರಲಿ ಅಂತ ತಿಂಗಳಿಗೆ 330 ಏರಿಸಿದರೆ ಆಗುತ್ತಾ? ಜೋಡಿ ಮನೆ ಹುಡುಕಿದರೆ ಕಪಾಟಿಗೆ ಸಿಗುತ್ತಿರುವುದು 40 ಮಾತ್ರ. ಆ ಲೆಕ್ಕದಲ್ಲಿ 4,000 ಬರಲು ಎಂಟು ವರ್ಷದ ಮೇಲಾಗುತ್ತದೆ. ಖರ್ಚು ಎಷ್ಟಾಯಿತು ಅನ್ನುವುದು ಮಾಲೀಕರ ತಲೆನೋವು, ಬಾಡಿಗೆದಾರರು ಕೊಡುವುದು ಅನುಕೂಲಕ್ಕೆ.

ಮೇಂಟೆನೆನ್ಸ್, ನೀರಿನ ಬಿಲ್ಲು ಇಂಥವು ಸುಲಭ. ಬಾಡಿಗೆಯಲ್ಲೇ ಸೇರಿದ್ದರೆ ನಿಜವಾಗಿ ತಿಂಗಳಿಗೆ ಎಷ್ಟು ಬರುತ್ತದೋ ಅಷ್ಟನ್ನೇ ಕಳೆಯಬೇಕು. ಇಲ್ಲಿ ಅದು 45 ಅಂತಿರಲಿ.

## ಚದರಡಿ ಲೆಕ್ಕ ಜಾರುವುದು ಎಲ್ಲಿ

"ಈ ಏರಿಯಾದಲ್ಲಿ ಚದರಡಿಗೆ ಇಷ್ಟು" ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಅಳತೆಯ ವ್ಯತ್ಯಾಸ ಸರಿಮಾಡಲು ಅದನ್ನೇ ಬಳಸಿದರೆ ತಪ್ಪಾಗುತ್ತದೆ.

ಒಂದೇ ಬೀದಿಯಲ್ಲಿ ಒಂದೇ ತರದ ಎರಡು ಮನೆ. 800 ಚದರಡಿಯದ್ದು 940ಕ್ಕೆ, 1,000 ಚದರಡಿಯದ್ದು 1,040ಕ್ಕೆ ಹೋಗಿದೆ. ಭಾಗಿಸಿ ನೋಡಿದರೆ ಮೊದಲನೆಯದು ಚದರಡಿಗೆ ಸುಮಾರು 1.18, ಎರಡನೆಯದು 1.04. ಆದರೆ ಹೆಚ್ಚಿಗೆ ಸಿಕ್ಕ 200 ಚದರಡಿಗೆ ಕೊಟ್ಟದ್ದು ಬರೀ 100, ಅಂದರೆ ಚದರಡಿಗೆ 0.5. ಸರಾಸರಿಯ ಅರ್ಧ!

ಯಾಕೆ ಹೀಗೆ? ಚಿಕ್ಕದೋ ದೊಡ್ಡದೋ, ಮನೆಗೆ ಒಂದು ಅಡುಗೆಮನೆ, ಬಚ್ಚಲು, ಬಾಗಿಲು, ವಿಳಾಸ ಬೇಕೇ ಬೇಕು. ಬಾಡಿಗೆಯ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಅದರ ಮೇಲೆ ಹಾಲ್ ನಾಲ್ಕಡಿ ಉದ್ದ ಆದರೆ ಸಿಗುವುದು ಒಂದು ಸೋಫಾ ಇಡುವ ಜಾಗ. ಹಾಗಾಗಿ ಎರಡು ಮನೆಗಳ ನಡುವಿನ ಅಳತೆ ವ್ಯತ್ಯಾಸಕ್ಕೆ ಈ 0.5 ಬಳಸಬೇಕು, 1.1 ಅಲ್ಲ. ಬೆಡ್‌ರೂಮೇ ಒಂದು ಜಾಸ್ತಿಯಾದರೆ ಈ ದರ ನಡೆಯುವುದಿಲ್ಲ. ಅಂಥ ಮನೆಯನ್ನು ಪಟ್ಟಿಯಿಂದ ಬಿಡುವುದೇ ಒಳ್ಳೆಯದು.

ಅಳತೆ ಹೇಳುವ ರೀತಿಯೂ ಒಂದೇ ಇರಬೇಕು. ಕೆಲವರು ಗೋಡೆಯ ಒಳಗಿನ ಜಾಗ ಹೇಳುತ್ತಾರೆ, ಕೆಲವರು ಗೋಡೆ, ಬಾಲ್ಕನಿ, ಮೆಟ್ಟಿಲ ಪಾಲು ಎಲ್ಲ ಸೇರಿಸಿ ಹೇಳುತ್ತಾರೆ. ಅನುಮಾನ ಬಂದರೆ ಟೇಪ್ ಹಿಡಿದು ಒಳಗಿನದ್ದನ್ನು ಅಳೆಯಿರಿ, ಹತ್ತು ನಿಮಿಷದ ಕೆಲಸ.

## ಮೂರು ಮನೆ ಇಟ್ಟುಕೊಂಡು ಲೆಕ್ಕ

ನಮ್ಮ ಮನೆ ಇದು: ಎರಡು ಬೆಡ್‌ರೂಮ್, ಒಳಗಿನ ಅಳತೆ 900 ಚದರಡಿ, ಮೂರನೇ ಮಹಡಿ, ಲಿಫ್ಟ್ ಇಲ್ಲ, ಕಾರ್ ಪಾರ್ಕಿಂಗ್ ಇದೆ, ಕಪಾಟು ಇಲ್ಲ, ಮೇಂಟೆನೆನ್ಸ್ ಬೇರೆ. ಹೋಲಿಕೆಗೆ ಮೂರು ಮನೆ ಸಿಕ್ಕಿವೆ. ಮೂರೂ ಮೂರನೇ ಮಹಡಿಯವು, ಎರಡೆರಡು ಬೆಡ್‌ರೂಮಿನವು.

ಲಿಫ್ಟ್ ಮನೆ. 850 ಚದರಡಿ, ಲಿಫ್ಟ್ ಇದೆ, ಪಾರ್ಕಿಂಗ್ ಇದೆ, ಕಪಾಟಿಲ್ಲ, ಮೇಂಟೆನೆನ್ಸ್ ಬೇರೆ. ಜಾಹೀರಾತಿನಲ್ಲಿ 1,040 ಇತ್ತು. ಈಗ ಬಂದಿರುವವರನ್ನು ಕೇಳಿದರೆ, ಕುದುರಿದ್ದು 1,000ಕ್ಕೆ. ಅದು ನಮ್ಮದಕ್ಕಿಂತ 50 ಚದರಡಿ ಚಿಕ್ಕದು, ಅದಕ್ಕೆ 25 ಕೂಡಬೇಕು. ಲಿಫ್ಟಿಗೆ 50 ಕಳೆಯಬೇಕು. ಬಂದದ್ದು 975.

ಕಪಾಟಿನ ಮನೆ. 900 ಚದರಡಿ, ಲಿಫ್ಟ್ ಇಲ್ಲ, ಪಾರ್ಕಿಂಗ್ ಇಲ್ಲ, ಕಪಾಟು ಇದೆ, ಮೇಂಟೆನೆನ್ಸ್ ಬಾಡಿಗೆಯಲ್ಲೇ ಸೇರಿದೆ. ಎರಡು ವಾರ ಇದ್ದು 1,010ಕ್ಕೆ ಹೋಯಿತು. ಪಾರ್ಕಿಂಗಿಗೆ 55 ಕೂಡಿ, ಕಪಾಟಿಗೆ 40, ಮೇಂಟೆನೆನ್ಸಿಗೆ 45 ಕಳೆದರೆ 980.

ದೊಡ್ಡ ಮನೆ. 1,100 ಚದರಡಿ, ಲಿಫ್ಟ್, ಪಾರ್ಕಿಂಗ್, ಕಪಾಟು ಎಲ್ಲ ಇದೆ, ಮೇಂಟೆನೆನ್ಸ್ ಬೇರೆ. ಕೇಳುತ್ತಿರುವುದು 1,190, ಎಪ್ಪತ್ತು ದಿನದಿಂದ ಖಾಲಿ. 200 ಚದರಡಿಗೆ 100, ಲಿಫ್ಟಿಗೆ 50, ಕಪಾಟಿಗೆ 40 ಕಳೆದರೆ 1,000.

ತಿದ್ದುವ ಮೊದಲು ಮೂರು ಅಂಕಿಗಳು 1,000ದಿಂದ 1,190ರವರೆಗೆ ಹರಡಿದ್ದವು. ತಿದ್ದಿದ ಮೇಲೆ 975, 980, 1,000. ಅಂತರ 190ರಿಂದ 25ಕ್ಕೆ ಇಳಿಯಿತು. ಸೌಕರ್ಯಗಳಿಗೆ ಹಾಕಿದ ಬೆಲೆ ಸುಮಾರಾಗಿ ಸರಿ ಇದೆ ಅನ್ನಲು ಇದೇ ಗುರುತು. ತಿದ್ದಿದ ಮೇಲೆ ಅಂಕಿಗಳು ಇನ್ನೂ ದೂರ ಸರಿದರೆ ಎಲ್ಲೋ ಕೂಡುವ ಕಡೆ ಕಳೆದಿದ್ದೀರಿ, ಇಲ್ಲವೇ ಆ ಮನೆಯಲ್ಲಿ ನಿಮ್ಮ ಕಣ್ಣಿಗೆ ಬೀಳದ ಏನೋ ಇದೆ.

ಹಾಗಾದರೆ ಮೂರರ ಸರಾಸರಿ, 985? ಬೇಡ. ಮೂರಕ್ಕೂ ಒಂದೇ ತೂಕ ಇಲ್ಲ. ಎಷ್ಟು ಕಡಿಮೆ ತಿದ್ದಿದ್ದೇವೋ ಆ ಮನೆ ನಮ್ಮದಕ್ಕೆ ಅಷ್ಟು ಹತ್ತಿರ. ಕೂಡಿದ್ದು, ಕಳೆದದ್ದು ಎರಡನ್ನೂ ಗುರುತು ನೋಡದೆ ಒಟ್ಟು ಮಾಡಿ: ಲಿಫ್ಟ್ ಮನೆಯಲ್ಲಿ 75, ಕಪಾಟಿನ ಮನೆಯಲ್ಲಿ 140, ದೊಡ್ಡ ಮನೆಯಲ್ಲಿ 190. ಕಪಾಟಿನ ಮನೆಯ ಬಾಡಿಗೆ ಕೊನೆಗೆ ಬದಲಾದದ್ದು ಬರೀ 30, ಹಾಗಾಗಿ ಅದೇ ಅತಿ ಹತ್ತಿರದ ಮನೆ ಅಂತ ಮೇಲ್ನೋಟಕ್ಕೆ ಅನ್ನಿಸುತ್ತದೆ. ಆದರೆ ಅಲ್ಲಿ ಮೂರು ದೊಡ್ಡ ವ್ಯತ್ಯಾಸಗಳು ಒಂದಕ್ಕೊಂದು ವಜಾ ಆಗಿವೆ, ಅಷ್ಟೇ. ದೊಡ್ಡ ಮನೆಯದ್ದಂತೂ ಇನ್ನೂ ಯಾರೂ ಒಪ್ಪದ ಅಂಕಿ. ಹಾಗಾಗಿ ಲಿಫ್ಟ್ ಮನೆಗೆ ಜಾಸ್ತಿ ಮಾನ, ಕಪಾಟಿನ ಮನೆ ಅದಕ್ಕೆ ಸಾಕ್ಷಿ. ಉತ್ತರ 975ರ ಆಸುಪಾಸು.

ಸುಮ್ನೆ ಮೂರು ಬಾಡಿಗೆಗಳ ಸರಾಸರಿ ಹಾಕಿದ್ದರೆ ಸುಮಾರು 1,067 ಬರುತ್ತಿತ್ತು. ಸರಾಸರಿ ಚದರಡಿ ದರದಿಂದ ಲೆಕ್ಕ ಹಾಕಿದ್ದರೆ ಸುಮಾರು 1,014. ಎರಡೂ ನೋಡಲು ನ್ಯಾಯವಾಗಿಯೇ ಕಾಣುತ್ತವೆ, ಅಲ್ವಾ?

## ಅಡ್ವಾನ್ಸ್ ಕೂಡ ಬಾಡಿಗೆಯ ಭಾಗ

ಎರಡು ಮನೆಗಳಲ್ಲಿ ಕೇಳುವ ಅಡ್ವಾನ್ಸ್ ಬೇರೆ ಬೇರೆ ಇದ್ದರೆ ಅದನ್ನೂ ತಿಂಗಳ ಲೆಕ್ಕಕ್ಕೆ ತರಬೇಕು. ಮನೆ ಬಿಡುವಾಗ ಹಣ ವಾಪಸ್ ಬರುತ್ತದೆ ನಿಜ, ಆದರೆ ಅಲ್ಲಿಯವರೆಗೆ ಬಡ್ಡಿ ತಪ್ಪುತ್ತದೆ. ಒಂದು ಮನೆಗೆ 3,000 ಹೆಚ್ಚು ಅಡ್ವಾನ್ಸ್, ಬ್ಯಾಂಕಿನಲ್ಲಿಟ್ಟರೆ ವರ್ಷಕ್ಕೆ ನೂರಕ್ಕೆ 6ರ ಬಡ್ಡಿ ಅಂದರೆ ವರ್ಷಕ್ಕೆ 180, ತಿಂಗಳಿಗೆ 15. ನಮ್ಮ ಮನೆಗೆ ಅಷ್ಟು ಅಡ್ವಾನ್ಸ್ ಕೇಳುತ್ತಿಲ್ಲವಾದರೆ, ಆ ಮನೆಯ ಬಾಡಿಗೆಗೆ 15 ಕೂಡಿ ಹೋಲಿಸಬೇಕು. ಅಲ್ಲಿರುವವರು ನಿಜವಾಗಿ ಹೊರುತ್ತಿರುವುದು ಅಷ್ಟು.

## ಸ್ವಲ್ಪ ಜಾಸ್ತಿ ಹೇಳಿ ಕಾದರೆ?

975 ಅಂತ ಲೆಕ್ಕ ಬಂತು, 1,025 ಹೇಳಿ ನೋಡೋಣ ಅಂತ ಮಾಲೀಕರಿಗೆ ಅನ್ನಿಸುವುದು ಸಹಜ. ತಿಂಗಳಿಗೆ 50, ವರ್ಷಕ್ಕೆ 600 ಜಾಸ್ತಿ. ಆದರೆ ಅದಕ್ಕಾಗಿ ಮನೆ ಒಂದು ತಿಂಗಳು ಖಾಲಿ ಬಿದ್ದರೆ ಆ ವರ್ಷ ಸಿಗುವುದು ಹನ್ನೊಂದು 1,025, ಅಂದರೆ 11,275. ಮೊದಲ ದಿನವೇ 975ಕ್ಕೆ ಕೊಟ್ಟಿದ್ದರೆ 11,700. ಲೆಕ್ಕ ಹಾಕಿದರೆ ಕಾಯಬಹುದಾದದ್ದು ಹೆಚ್ಚೆಂದರೆ 17 ದಿನ. ಅದರ ಮೇಲೆ ಖಾಲಿ ಇದ್ದರೆ ಮೊದಲ ವರ್ಷ ನಷ್ಟವೇ. ಬಾಡಿಗೆದಾರರು ಚೌಕಾಸಿಗೆ ಕೂತಾಗಲೂ ಇದೇ ಲೆಕ್ಕ ಕೆಲಸಕ್ಕೆ ಬರುತ್ತದೆ. ಒಂದು ತಿಂಗಳಿಂದ ಖಾಲಿ ಇರುವ ಮನೆಯ ಮಾಲೀಕರಿಗೆ 50 ಇಳಿಸುವುದು ಕಾಯುವುದಕ್ಕಿಂತ ಅಗ್ಗ.

ಈ ವಿಧಾನ ಕೈಕೊಡುವ ಜಾಗಗಳೂ ಇವೆ. ಕಾನೂನು ಬಾಡಿಗೆಗೆ ಮಿತಿ ಹಾಕಿದ ಕಡೆ ಆ ಮಿತಿಯೇ ಕೊನೆ ಮಾತು. ವರ್ಷಕ್ಕೆ ಒಂದೋ ಎರಡೋ ಮನೆ ಮಾತ್ರ ಖಾಲಿಯಾಗುವ ಬೀದಿಯಲ್ಲಿ ಜೋಡಿಗಳೇ ಸಿಗುವುದಿಲ್ಲ, ಅಲ್ಲಿ ಉತ್ತರ ಒಂದು ಅಂಕಿಯಾಗಿ ಬಾರದೆ 950ರಿಂದ 1,020 ಅನ್ನುವ ಹಾಗೆ ಅಗಲವಾಗಿ ಬರುತ್ತದೆ. ಕಾಲೇಜು ಶುರುವಾಗುವ ತಿಂಗಳು ಸಿಕ್ಕ ಬಾಡಿಗೆ ರಜೆಯ ತಿಂಗಳು ಸಿಗುವುದಿಲ್ಲ, ಹಾಗಾಗಿ ಹೋಲಿಕೆಯ ಮನೆಗಳೂ ಅದೇ ಸಮಯದಲ್ಲಿ ಹೋದವಾಗಿರಬೇಕು.

ಬೋರ್ಡ್ ಹಾಕಿದ ಮೇಲೆ ಮೊದಲ ಎರಡು ವಾರ ಫೋನಿನ ಕಡೆ ಗಮನವಿರಲಿ. ಮೊದಲ ದಿನವೇ ಹತ್ತಾರು ಕರೆ ಬಂದು, ನೋಡಿದವರೆಲ್ಲ ಚೌಕಾಸಿ ಮಾಡದೆ ಒಪ್ಪುತ್ತಿದ್ದರೆ ಬಾಡಿಗೆ ಕಡಿಮೆ ಹೇಳಿದ್ದೀರಿ. ಕರೆಯೇ ಇಲ್ಲದಿದ್ದರೆ ಅಂಕಿ ಜಾಸ್ತಿಯಾಗಿದೆ, ಜನ ಜಾಹೀರಾತಿನಲ್ಲೇ ದಾಟಿ ಹೋಗುತ್ತಿದ್ದಾರೆ. ಕರೆ ಬರುತ್ತದೆ, ನೋಡಲೂ ಬರುತ್ತಾರೆ, ಆದರೆ ಯಾರೂ ವಾಪಸ್ ಫೋನ್ ಮಾಡುವುದಿಲ್ಲ ಅಂದರೆ, ಜಾಹೀರಾತಿನಲ್ಲಿ ಬರೆದದ್ದಕ್ಕೂ ಬಂದವರು ಕಂಡದ್ದಕ್ಕೂ ತಾಳೆಯಾಗುತ್ತಿಲ್ಲ. ಆಗ ಕೆಳಗಿಳಿದು ನಿಮ್ಮ ಪಾರ್ಕಿಂಗಿನ ಕಂಬಕ್ಕೆ ಗೀರುಗಳಿವೆಯಾ ಅಂತ ಒಮ್ಮೆ ನೋಡಿ ಬನ್ನಿ.